611 ಎನ್‌ಕ್ವೈರಿ, 249 ಕೇಕು: ಮನೆ ಬೇಕಿಂಗಿನ 2024ರ ಲೆಕ್ಕ

2024ರ ಜನವರಿ 1ರಿಂದ ಡಿಸೆಂಬರ್ 31ರವರೆಗೆ ಕೇಕು ಕೇಳಿಕೊಂಡು ಬಂದವರು 611 ಮಂದಿ. ಆರ್ಡರ್ ಆದದ್ದು 249. ನೂರಕ್ಕೆ 41. ದಾವಣಗೆರೆಯ ಒಂದು ಮನೆ ಅಡುಗೆಕೋಣೆ, 28 ಲೀಟರಿನ ಒಂದು ಓಟಿಜಿ ಓವನ್, ಒಂದೇ ಬಾಗಿಲಿನ 190 ಲೀಟರ್ ಫ್ರಿಜ್ಜು, ಒಂದು ಹ್ಯಾಂಡ್ ಬೀಟರ್. ಇಷ್ಟರಲ್ಲಿ ಆದ ವ್ಯಾಪಾರ ಇದು. ಹಿಂದಿನ ವರ್ಷಗಳಲ್ಲಿ ಆರ್ಡರ್ ಮಾತ್ರ ಬರೆದಿಡುತ್ತಿದ್ದೆ. ಕೇಳಿ ಸುಮ್ಮನಾದವರನ್ನು ಬರೆಯುತ್ತಿರಲಿಲ್ಲ. ಈ ಸಲ ಒಂದು ನೋಟ್‌ಬುಕ್ಕಿನಲ್ಲಿ ಐದು ಕಾಲಂ ಎಳೆದೆ: ತಾರೀಖು, ಎಲ್ಲಿಂದ ಬಂದರು, ಏನು ಕೇಳಿದರು, ನಾನು ಎಷ್ಟು ಹೊತ್ತಿಗೆ ಉತ್ತರ ಕೊಟ್ಟೆ, ಕೊನೆಗೆ ಏನಾಯಿತು. ವರ್ಷದ ಕೊನೆಯಲ್ಲಿ ಹೆಚ್ಚು ಕಲಿಸಿದ್ದು ಆರ್ಡರ್ ಆಗದ 362 ಸಾಲುಗಳೇ.

ಎಲ್ಲಿಂದ ಬಂದರು ಎಂಬ ಕಾಲಂ ಕೂಡಿದಾಗ ಮೊದಲ ಪೆಟ್ಟು. ಇನ್‌ಸ್ಟಾಗ್ರಾಂನಿಂದ 274 ಮಂದಿ ಕೇಳಿದ್ದಾರೆ, ಆರ್ಡರ್ 49. ವಾಟ್ಸಾಪ್ ಸ್ಟೇಟಸ್ ನೋಡಿ 198 ಮಂದಿ, ಆರ್ಡರ್ 117. ಪರಿಚಯದವರು ಹೇಳಿ ಕಳಿಸಿದ್ದು 96, ಆರ್ಡರ್ 71. ಗೂಗಲ್ ಮ್ಯಾಪಿನಲ್ಲಿ ಹುಡುಕಿ ಫೋನ್ ಮಾಡಿದವರು 43, ಆರ್ಡರ್ 12. ಅಂದರೆ ಬಾಯಿಮಾತಿನಿಂದ ಬಂದ ನಾಲ್ವರಲ್ಲಿ ಮೂವರು ಕೇಕು ಒಯ್ದರೆ, ಇನ್‌ಸ್ಟಾಗ್ರಾಂನಿಂದ ಬಂದವರಲ್ಲಿ ಒಯ್ದವರು ಐವರಲ್ಲಿ ಒಬ್ಬರೂ ಇಲ್ಲ. ನನ್ನ ಸಮಯ ಹೋಗಿದ್ದು ಮಾತ್ರ ಇದರ ಉಲ್ಟಾ ಲೆಕ್ಕದಲ್ಲಿ: ರೀಲ್ ಶೂಟ್ ಮಾಡಿ, ಕತ್ತರಿಸಿ, ಹಾಡು ಹಾಕಿ ಬಿಡಲು ವಾರಕ್ಕೆ ನಾಲ್ಕೈದು ಗಂಟೆ, ಸ್ಟೇಟಸ್ ಹಾಕಲು ಎರಡು ನಿಮಿಷ.

ಜೂನ್‌ನಲ್ಲಿ ಒಂದು ರೀಲ್ 38,000 ವ್ಯೂ ಕಂಡಿತು. ರಸಮಲಾಯಿ ಕೇಕಿನ ಮೇಲೆ ಕೇಸರಿ ಹಾಲು ಸುರಿಯುವ ದೃಶ್ಯ. ಅದರಿಂದ 61 ಮೆಸೇಜು ಬಂದವು. ಆರ್ಡರ್ ಆದದ್ದು ಮೂರು! ಕಾರಣ ಆಪ್‌ನ ಇನ್‌ಸೈಟ್ಸ್‌ನಲ್ಲೇ ಇತ್ತು, ನಾನು ನೋಡಿರಲಿಲ್ಲ. ಆ ರೀಲ್ ನೋಡಿದವರಲ್ಲಿ ದಾವಣಗೆರೆಯವರು ನೂರಕ್ಕೆ ಆರು. ಉಳಿದವರು ಬೆಂಗಳೂರು, ಹುಬ್ಬಳ್ಳಿ, ಮುಂಬೈ. ಕ್ರೀಮ್ ಕೇಕು ಕೊರಿಯರ್‌ನಲ್ಲಿ ಹೋಗುವ ವಸ್ತುವಲ್ಲ. ಹರಿಹರಕ್ಕೆ, ಅಂದರೆ ಬರೀ 14 ಕಿಲೋಮೀಟರಿಗೆ, ಕಳಿಸುವುದೇ ಬೇಸಿಗೆಯಲ್ಲಿ ಪರೀಕ್ಷೆ. ಸ್ಕೂಟಿ ಮುಟ್ಟದ ಊರಿನ ವ್ಯೂಗಳಿಂದ ನನ್ನ ಓಟಿಜಿ ಬಿಸಿಯಾಗುವುದಿಲ್ಲ.

ಇನ್‌ಸ್ಟಾಗ್ರಾಂನವರು ಎಲ್ಲಿ ಕೈಬಿಟ್ಟರು ಎಂದು ಸಾಲು ಸಾಲಾಗಿ ನೋಡಿದೆ. ಹೆಚ್ಚಿನವರ ಮಾತುಕತೆ ಒಂದೇ ತರಹ. "ಅಕ್ಕ, ಅರ್ಧ ಕೆಜಿ ಎಷ್ಟು?" ಅಂತ ಮೆಸೇಜ್. ನಾನು ಎರಡು ಮೂರು ಗಂಟೆ ಬಿಟ್ಟು, "ಯಾವ ಫ್ಲೇವರ್ ಬೇಕು? ಎಗ್‌ಲೆಸ್ಸಾ?" ಅಂತ ವಾಪಸ್ ಪ್ರಶ್ನೆ. ಅಲ್ಲಿಗೆ ಮೌನ. ಅಷ್ಟರಲ್ಲಿ ಅವರು ರಸ್ತೆ ತಿರುವಿನ ಬೇಕರಿಗೆ ಹೋಗಿಬಂದಿರುತ್ತಾರೆ. ಆಗಸ್ಟ್‌ನಲ್ಲಿ ಇದನ್ನು ಬದಲಿಸಿದೆ. ಒಂದೇ ಚಿತ್ರದಲ್ಲಿ ದರಪಟ್ಟಿ: ಎಂಟು ಫ್ಲೇವರ್, ಅರ್ಧ ಕೆಜಿ ಮತ್ತು ಒಂದು ಕೆಜಿ ರೇಟು, "ಎಲ್ಲವೂ ಎಗ್‌ಲೆಸ್" ಎಂಬ ಒಂದು ಸಾಲು, ಎಷ್ಟು ದಿನ ಮುಂಚೆ ಹೇಳಬೇಕು, ಡೆಲಿವರಿ ಎಲ್ಲಿಯವರೆಗೆ. ವಾಟ್ಸಾಪ್ ಬಿಸಿನೆಸ್‌ನ ಕ್ವಿಕ್ ರಿಪ್ಲೈನಲ್ಲಿ ಮೂರು ಪ್ರಶ್ನೆ ಸೇವ್ ಮಾಡಿಟ್ಟೆ: ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಜನಕ್ಕೆ. "ಎಷ್ಟು ಕೆಜಿ" ಅಂತ ಕೇಳುವುದಕ್ಕಿಂತ "ಎಷ್ಟು ಜನಕ್ಕೆ" ಅಂತ ಕೇಳಿದರೆ ಉತ್ತರ ಬೇಗ ಬರುತ್ತದೆ, ಯಾಕೆಂದರೆ ಜನ ಎಷ್ಟು ಅಂತ ಎಲ್ಲರಿಗೂ ಗೊತ್ತಿರುತ್ತದೆ, ಕೆಜಿ ಗೊತ್ತಿರುವುದಿಲ್ಲ.

ಜುಲೈವರೆಗೆ ಇನ್‌ಸ್ಟಾಗ್ರಾಂನ 158 ಮಂದಿಯಲ್ಲಿ 21 ಆರ್ಡರ್ ಆಗಿದ್ದವು, ನೂರಕ್ಕೆ 13. ಆಗಸ್ಟ್‌ನಿಂದ 116ರಲ್ಲಿ 28, ನೂರಕ್ಕೆ 24. ಎಲ್ಲವೂ ದರಪಟ್ಟಿಯ ಮಹಿಮೆ ಅಂತ ಹೇಳಲಾರೆ. ಅದರಲ್ಲಿ ಡಿಸೆಂಬರ್ ಇದೆ, ಕೊಳ್ಳಲೆಂದೇ ಕೇಳುವ ತಿಂಗಳು ಅದು. ಡಿಸೆಂಬರ್ ತೆಗೆದು ನೋಡಿದರೆ 79ರಲ್ಲಿ 15, ಅಂದರೆ 19. ಏರಿಕೆ ಅಷ್ಟೇ ನಿಜ.

ತಿಂಗಳವಾರು ಆರ್ಡರ್ ಹೆಚ್ಚುಕಡಿಮೆ ಹದಿನೈದರಿಂದ ಇಪ್ಪತ್ಮೂರರ ನಡುವೆ ಓಡಾಡಿವೆ. ಎರಡೇ ಅಪವಾದ: ಡಿಸೆಂಬರ್ 42, ಏಪ್ರಿಲ್ 14. ಏಪ್ರಿಲ್ ಕುಸಿದದ್ದು ಕೇಳುವವರು ಕಡಿಮೆಯಾಗಿ ಅಲ್ಲ, ನಾನೇ ನಿಲ್ಲಿಸಿ. ಅದು ಕ್ರೀಮಿನ ಕಥೆ, ಸ್ವಲ್ಪ ವಿವರವಾಗಿ ಹೇಳಬೇಕು.

ಮನೆಯಲ್ಲೇ ಕೇಕು ಮಾಡಿ ಮಾರುವ ನಾವು ಹೆಚ್ಚಾಗಿ ಬಳಸುವುದು ನಾನ್-ಡೈರಿ ವಿಪ್ಪಿಂಗ್ ಕ್ರೀಮ್, ಹಾಲಿನ ಕೊಬ್ಬಿನ ಬದಲು ತಾಳೆಬೀಜದಂಥ ಸಸ್ಯದ ಎಣ್ಣೆಯಿಂದ ಮಾಡಿದ್ದು. ಲೀಟರ್ ಪ್ಯಾಕು ಗಟ್ಟಿಯಾಗಿ ಹೆಪ್ಪುಗಟ್ಟಿ ಬರುತ್ತದೆ. ಮೈನಸ್ 18ರಲ್ಲಿ ಇಡಬೇಕು, ಬಳಸುವ ಹಿಂದಿನ ರಾತ್ರಿ ಫ್ರೀಜರ್‌ನಿಂದ ಕೆಳಗಿನ ಅರೆಗೆ ಇಳಿಸಬೇಕು. ಹನ್ನೆರಡು ಗಂಟೆ ಬಿಟ್ಟು ಪ್ಯಾಕು ಅಲ್ಲಾಡಿಸಿದರೆ ಒಳಗೆ ಸಣ್ಣ ಹಿಮದ ಚೂರು ಕಲಕುವ ಸದ್ದು ಬರಬೇಕು. ಅದೇ ಹದ. ಬಟ್ಟಲು ಮತ್ತು ಬ್ಲೇಡು ಫ್ರೀಜರ್‌ನಲ್ಲಿ ಕಾಲು ಗಂಟೆ. ಮೊದಲು ನಿಧಾನ, ನೊರೆ ಮಾಯವಾದ ಮೇಲೆ ಮಧ್ಯಮ ವೇಗ. ಒಂದು ಕಪ್ ದ್ರವಕ್ಕೆ ಸುಮಾರು ಮೂರು ಕಪ್ ಕ್ರೀಮ್ ಏಳಬೇಕು. ಕೇಕಿಗೆ ಸುತ್ತ ಬಳಿಯುವುದಕ್ಕೆ ತುದಿ ಬಾಗುವ ಹದ ಸಾಕು, ಹೂ ಹಾಕುವುದಕ್ಕೆ ತುದಿ ನೆಟ್ಟಗೆ ನಿಲ್ಲುವ ಹದ.

ಏಪ್ರಿಲ್‌ನಲ್ಲಿ ಆರು ಕೇಕು ಹಾಳಾದವು. ಆರರಲ್ಲೂ ಸೆಖೆಯನ್ನೇ ದೂರಿದ್ದೆ. ನೋಟ್‌ಬುಕ್ಕು ಬೇರೆ ಹೇಳಿತು. ಎರಡು ಮಾತ್ರ ದಾರಿಯಲ್ಲಿ ಕರಗಿದ್ದು. ಉಳಿದ ನಾಲ್ಕು ಅಡುಗೆಕೋಣೆಯಲ್ಲೇ ಕೆಟ್ಟಿದ್ದು, ಅದರಲ್ಲೂ ಆ ನಾಲ್ಕೂ ಕೇಕು ಒಂದೇ ತರಹದ ಕ್ರೀಮಿನಿಂದ: ಹಿಂದಿನ ಕೇಕಿನಲ್ಲಿ ಮಿಕ್ಕಿದ ದ್ರವವನ್ನು ಮತ್ತೆ ಫ್ರೀಜರ್‌ಗೆ ಹಾಕಿ, ಮತ್ತೆ ಕರಗಿಸಿ ಬಡಿದದ್ದು. ಒಮ್ಮೆ ಪೂರ್ತಿ ಕರಗಿ ಮತ್ತೆ ಹೆಪ್ಪುಗಟ್ಟಿದರೆ ನೀರಿನಲ್ಲಿ ಸಣ್ಣ ಹನಿಗಳಾಗಿ ಹರಡಿರುವ ಕೊಬ್ಬು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಆಮೇಲೆ ಅದು ಗಾಳಿ ಹಿಡಿಯುವುದಿಲ್ಲ. ರಾತ್ರಿ ತುಂಬ ಹೊತ್ತು ಕರೆಂಟ್ ಹೋಗಿ ಕರಗಿದರೆ, ಪ್ಯಾಕು ಒಡೆಯದಿದ್ದರೂ ಇದೇ ಗತಿ.

ಇದನ್ನು ಕೇಕಿಗೆ ಬಳಿಯುವ ಮುಂಚೆಯೇ ಕಂಡುಹಿಡಿಯಬಹುದು. ಒಂದು ಕಪ್ಪಿಗೆ ಮೂರು ಏಳುವ ಬದಲು ಎರಡೇ ಕಪ್ಪು ಎದ್ದು ನಿಂತುಬಿಡುತ್ತದೆ. ಚಮಚದ ಹಿಂಬದಿಯಿಂದ ಒತ್ತಿ ನೋಡಿದರೆ ನುಣುಪಿರುವುದಿಲ್ಲ, ರವೆ ಕಲಸಿದಂತೆ ಕಾಣುತ್ತದೆ. ಹತ್ತು ನಿಮಿಷ ಬಿಟ್ಟರೆ ಬಟ್ಟಲಿನ ತಳದಲ್ಲಿ ನೀರು ಕೂತಿರುತ್ತದೆ. ಇನ್ನೂ ಸ್ವಲ್ಪ ಬಡಿದರೆ ಸರಿಹೋದೀತು ಅಂತ ಬಡಿಯಲು ಹೋದರೆ ಇನ್ನೂ ಹಾಳು. ಆ ಕ್ರೀಮನ್ನು ಐಸಿಂಗಿಗೆ ಬಳಸಬಾರದು. ಸ್ಪಾಂಜಿನ ಚೂರುಗಳ ಜೊತೆ ಲೋಟದಲ್ಲಿ ಕೂರಿಸಿ ಮನೆಮಂದಿಗೆ ಕೊಡಬಹುದು, ಅಷ್ಟೇ. ಈಗ ಪ್ಯಾಕು ಗಟ್ಟಿಯಿರುವಾಗಲೇ ಚಾಕುವನ್ನು ಬಿಸಿನೀರಿಗೆ ಅದ್ದಿ, ಡಬ್ಬ ಸಮೇತ ಐದು ಭಾಗ ಮಾಡಿ, ಒಂದೊಂದನ್ನು ಬೇರೆ ಜಿಪ್ ಕವರಿನಲ್ಲಿ ಕಟ್ಟಿ ಫ್ರೀಜರ್‌ನಲ್ಲೇ ಇಡುತ್ತೇನೆ. ಒಂದು ಕವರ್ ಅಂದರೆ ಸುಮಾರು 200 ಮಿಲಿ, ಅರ್ಧ ಕೆಜಿ ಕೇಕಿಗೆ ಸರಿ. ಬೇಕಾದಷ್ಟೇ ಕೆಳಗಿಳಿಯುತ್ತದೆ, ಮಿಕ್ಕುವ ಮಾತೇ ಇಲ್ಲ.

ಸೆಖೆಯ ಪಾಲೂ ಇತ್ತು, ಇಲ್ಲವೆನ್ನುವುದಿಲ್ಲ. ಅಡುಗೆಕೋಣೆ 35 ಡಿಗ್ರಿ ಇರುವಾಗ ಪೈಪಿಂಗ್ ಬ್ಯಾಗಿನೊಳಗಿನ ಕ್ರೀಮು ಕೈ ಬಿಸಿಗೇ ಸಡಿಲವಾಗುತ್ತದೆ. ಮೊದಲ ನಾಲ್ಕು ಹೂ ಚೆಂದ, ಐದನೆಯದರ ದಳ ಅಂಟಿಕೊಂಡಿರುತ್ತದೆ. ಬ್ಯಾಗಿಗೆ ಒಂದು ಹಿಡಿಗಿಂತ ಹೆಚ್ಚು ತುಂಬಬಾರದು, ಎರಡು ಬ್ಯಾಗ್ ಇಟ್ಟುಕೊಂಡು ಒಂದು ಫ್ರಿಜ್ಜಿನಲ್ಲಿ, ಒಂದು ಕೈಯಲ್ಲಿ. ಅಲಂಕಾರ ಮುಗಿದ ಕೇಕು ಕನಿಷ್ಠ ನಾಲ್ಕು ಗಂಟೆ ಫ್ರಿಜ್ಜಿನಲ್ಲಿ ಕೂತರೆ ವಿದ್ಯಾನಗರದಿಂದ ನಿಟ್ಟುವಳ್ಳಿಗೆ ಸ್ಕೂಟಿಯಲ್ಲಿ ಸುರಕ್ಷಿತ. ಎರಡು ಗಂಟೆ ಕೂತದ್ದು ಹೊರಗೆ ಮಾತ್ರ ತಣ್ಣಗಿರುತ್ತದೆ, ನಡುವಿನ ಸ್ಪಾಂಜು ಬೆಚ್ಚಗೇ ಇದ್ದು ಕ್ರೀಮನ್ನು ಒಳಗಿನಿಂದ ಕರಗಿಸುತ್ತದೆ. ಕರಗಿದ ಆ ಎರಡೂ ಕೇಕು ಇಂಥವೇ.

ಏಪ್ರಿಲ್ ಮೂರನೇ ವಾರದಿಂದ ಮೇ ಕೊನೆಯವರೆಗೆ ಎರಡು ಅಂತಸ್ತಿನ ಕ್ರೀಮ್ ಕೇಕು ತೆಗೆದುಕೊಳ್ಳಲಿಲ್ಲ. ಬದಲಿಗೆ ಚಾಕೊಲೇಟ್ ಗನಾಶ್. ಚಳಿಯಲ್ಲಿ ಡಾರ್ಕ್ ಚಾಕೊಲೇಟೂ ಕ್ರೀಮೂ ಸಮಸಮ ತೂಕ ಇದ್ದರೆ ನಡೆಯುತ್ತದೆ, ಬೇಸಿಗೆಗೆ ಚಾಕೊಲೇಟ್ ಎರಡು ಪಾಲು, ಕ್ರೀಮ್ ಒಂದು ಪಾಲು. ಬಿಳಿ ಚಾಕೊಲೇಟಾದರೆ ಮೂರಕ್ಕೆ ಒಂದು, ಅದು ಸ್ವಭಾವದಲ್ಲೇ ಮೆದು. ಮೇ ತಿಂಗಳಲ್ಲಿ 22 ಆರ್ಡರ್‌ಗೆ ಹಾಳಾದದ್ದು ಒಂದು ಕೇಕು.

ಇನ್ನು ದುಡ್ಡಿನ ತಪ್ಪು. ಇದು ಕ್ರೀಮಿಗಿಂತ ದೊಡ್ಡದು, ಆದರೆ ಸದ್ದಿಲ್ಲದೆ ಆದದ್ದು. ಜುಲೈವರೆಗೆ ಅರ್ಧ ಕೆಜಿ ಪೈನಾಪಲ್ ಕೇಕನ್ನು 350 ರೂಪಾಯಿಗೆ ಕೊಡುತ್ತಿದ್ದೆ. ಸಾಮಾನಿನ ಖರ್ಚು ಕಳೆದು ಅರ್ಧಕ್ಕರ್ಧ ಲಾಭ ಅಂತ ನೆಮ್ಮದಿ. ಜುಲೈನಲ್ಲಿ ಒಬ್ಬರು, "ನಿಮ್ಮ ಅರ್ಧ ಕೆಜಿ ಹನ್ನೆರಡು ಜನಕ್ಕೆ ಸಾಕಾಯ್ತು ನೋಡ್ರಿ" ಅಂತ ಹೊಗಳಿದರು. ಹೊಗಳಿಕೆ ಕೇಳಿ ತಕ್ಕಡಿ ತೆಗೆದೆ. ಮುಂದಿನ ಕೆಲವು ಕೇಕುಗಳನ್ನು ಬೋರ್ಡಿನ ತೂಕ ಕಳೆದು ತೂಗಿದರೆ ಸರಾಸರಿ 640 ಗ್ರಾಂ. ಪ್ರತಿ ಅರ್ಧ ಕೆಜಿಗೂ 140 ಗ್ರಾಂ ಬಿಟ್ಟಿ.

ಎಲ್ಲಿಂದ ಬಂತು ಅಂತ ಹಿಂದಕ್ಕೆ ಹೋದೆ. ಎಗ್‌ಲೆಸ್ ಸ್ಪಾಂಜಿಗೆ ನಾವೆಲ್ಲ ಬಳಸುವ ಮೊಸರಿನ ಅಳತೆ ಹೀಗಿದೆ: ಒಂದೂವರೆ ಕಪ್ಪು ಮೈದಾ, ತೂಕದಲ್ಲಿ 190 ಗ್ರಾಂ, ಸಕ್ಕರೆ 150, ಹುಳಿಯಿಲ್ಲದ ಮೊಸರು ಒಂದು ಕಪ್ಪು, 240, ಎಣ್ಣೆ ಅರ್ಧ ಕಪ್ಪು, 110, ಅಡುಗೆ ಸೋಡಾ ಅರ್ಧ ಟೀ ಚಮಚ, ಬೇಕಿಂಗ್ ಪೌಡರ್ ಒಂದೂಕಾಲು ಚಮಚ, ವೆನಿಲಾ. ಒಟ್ಟು ಹಿಟ್ಟು ಹತ್ತಿರ ಹತ್ತಿರ 700 ಗ್ರಾಂ. ಬೇಯುವಾಗ ಹತ್ತರಲ್ಲೊಂದು ಪಾಲು ಆವಿಯಾಗಿ ಹೋದರೂ ಸ್ಪಾಂಜೇ 630 ಉಳಿಯುತ್ತದೆ. ಕ್ರೀಮು, ಪಾಕ, ಹಣ್ಣು ಸೇರಿದರೆ ಇದು ಒಂದು ಕೆಜಿ ಕೇಕಿನ ಅಳತೆ! ನಾನು ಅದನ್ನೇ ಏಳಿಂಚಿನ ಟಿನ್ನಿಗೆ ಸುರಿದು, ಉಬ್ಬಿದ ತಲೆ ಕತ್ತರಿಸಿ, ಬದಿ ಸವರಿ, "ಅರ್ಧ ಕೆಜಿ" ಅಂತ ಮಾಡುತ್ತಿದ್ದೆ. ಕತ್ತರಿಸಿದ ಚೂರು ಡಬ್ಬಕ್ಕೆ, ಕೇಕು ಇನ್ನೂ ದಪ್ಪ.

ಸರಿಯಾದ ಲೆಕ್ಕ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮುಗಿದ ಕೇಕು 500 ಗ್ರಾಂ. ಅದರಲ್ಲಿ ಕ್ರೀಮು 180, ಪಾಕ ಮತ್ತು ಹಣ್ಣು 50. ಉಳಿದ 270 ಸ್ಪಾಂಜು. ತಲೆ ಕತ್ತರಿಸುವುದಕ್ಕೆ 40 ಇಟ್ಟರೆ ಬೆಂದ ಸ್ಪಾಂಜು 310 ಬೇಕು, ಹಸಿ ಹಿಟ್ಟು 345. ಅಂದರೆ ಮೇಲಿನ ಅಳತೆಯ ಸರಿಯಾಗಿ ಅರ್ಧ, ಆರಿಂಚಿನ ಟಿನ್ನು. ಸೋಡಾ ಕಾಲು ಚಮಚ, ಅದಕ್ಕಿಂತ ಚಿಟಿಕೆಯೂ ಹೆಚ್ಚಬಾರದು. ಹೆಚ್ಚಾದರೆ ಮೊಸರಿನ ಹುಳಿ ಸಾಲದೆ ಸೋಡಾ ಉಳಿದು ಸೋಪಿನ ರುಚಿ ಬರುತ್ತದೆ, ಮೇಲ್ಮೈ ಕಂದಾಗುತ್ತದೆ, ನಡು ಎದ್ದು ಕುಸಿಯುತ್ತದೆ. ಮೊಸರಿಗೆ ಸೋಡಾ ಬಿದ್ದ ಕ್ಷಣದಿಂದಲೇ ಗುಳ್ಳೆ ಏಳತೊಡಗುವುದರಿಂದ, ಮೈದಾ ಸೇರಿಸಿ ಟಿನ್ನು ಒಳಗೆ ಹೋಗುವವರೆಗೆ ಐದು ನಿಮಿಷ ಮೀರಬಾರದು. ಓವನ್ ಮೊದಲೇ ಕಾದಿರಬೇಕು.

ತಲೆ ಕತ್ತರಿಸುವ ಆ 40 ಗ್ರಾಂ ಕೂಡ ಮೊದಲು 90 ಇತ್ತು. ಸ್ಪಾಂಜು ಗುಡ್ಡದಂತೆ ಎದ್ದು ಬಿರಿಯುತ್ತಿತ್ತು. ಒಳಗಿಡುವ ಓವನ್ ಥರ್ಮಾಮೀಟರ್ ಒಂದು ತಂದು ತೂಗುಹಾಕಿದರೆ ಕಂಡದ್ದು: ಗುಂಡಿ 180ರಲ್ಲಿ, ಒಳಗೆ 205. ಬದಿಯ ಹಿಟ್ಟು ಬೇಗ ಗಟ್ಟಿಯಾಗಿ, ನಡುವಿನ ಹಸಿ ಹಿಟ್ಟಿಗೆ ಮೇಲಕ್ಕಲ್ಲದೆ ಬೇರೆ ದಾರಿ ಇರಲಿಲ್ಲ. ಈಗ ಗುಂಡಿ 150ರ ಸುಮಾರಿಗೆ ಇಟ್ಟರೆ ಒಳಗೆ 170 ಸಿಗುತ್ತದೆ, ಅರ್ಧ ಗಂಟೆಗೆ ಬೇಯುತ್ತದೆ, ಮೇಲೆ ಬರೀ ಸಣ್ಣ ಉಬ್ಬು. ಪ್ರತಿ ಓಟಿಜಿಯ ಸುಳ್ಳು ಬೇರೆ ಬೇರೆ, ನನ್ನ 150 ನಿಮ್ಮದಾಗಬೇಕಿಲ್ಲ.

ಈಗ ಅದೇ 500 ಗ್ರಾಂ ಕೇಕಿನ ಖರ್ಚು. ಸ್ಪಾಂಜಿನ ಸಾಮಾನು 28 ರೂಪಾಯಿ, ಕ್ರೀಮು 43, ಹಣ್ಣು ಪಾಕ 22, ಡಬ್ಬ ಮತ್ತು ಬೋರ್ಡು 40, ಟಾಪರ್, ಕ್ಯಾಂಡಲ್, ಚಾಕು 25, ಕರೆಂಟು 7, ಪೆಟ್ರೋಲು 20. ಒಟ್ಟು 185. ನೋಡಿ, ಮೈದಾ ಸಕ್ಕರೆಗಿಂತ ರಟ್ಟಿನ ಡಬ್ಬವೇ ದುಬಾರಿ. ನಾನು ಇಷ್ಟು ದಿನ ಮೈದಾ ಯಾವ ಅಂಗಡಿಯಲ್ಲಿ ಎರಡು ರೂಪಾಯಿ ಕಡಿಮೆ ಅಂತ ಹುಡುಕುತ್ತಿದ್ದೆ.

350ಕ್ಕೆ ಮಾರಿದರೆ ಕೈಯಲ್ಲಿ 165. ಇದಕ್ಕೆ ಹಿಡಿಯುವ ಸಮಯ, ಓವನ್ ತಾನೇ ಬೇಯಿಸುವ ಹೊತ್ತು ಬಿಟ್ಟು: ಅಳೆದು ಕಲಸಲು 25 ನಿಮಿಷ, ಪದರ ಮತ್ತು ಐಸಿಂಗ್ 50, ಪಾತ್ರೆ ತೊಳೆಯಲು 25, ಮೆಸೇಜು ಫೋಟೋ 20, ತಲುಪಿಸಲು 35. ಒಟ್ಟು 2 ಗಂಟೆ 35 ನಿಮಿಷ. ಗಂಟೆಗೆ 64 ರೂಪಾಯಿ. ಹಳೇ 640 ಗ್ರಾಂ ಕೇಕಿನಲ್ಲಿ ಇನ್ನೂ 30 ರೂಪಾಯಿ ಸಾಮಾನು ಹೆಚ್ಚು ಹೋಗುತ್ತಿದ್ದರಿಂದ ಗಂಟೆಗೆ 52. ಆಗಸ್ಟ್‌ನಿಂದ ರೇಟು 450 ಮಾಡಿದೆ, ತೂಕ ಸರಿಯಾಗಿ 500. ಗಂಟೆಗೆ 103. ರೇಟು ಏರಿಸಿದ ಮೇಲೆ ಆಗಸ್ಟ್ 18, ಸೆಪ್ಟೆಂಬರ್ 17, ಅಕ್ಟೋಬರ್ 21, ನವೆಂಬರ್ 20 ಆರ್ಡರ್. ಜೂನ್‌ನಲ್ಲಿ 18, ಜುಲೈನಲ್ಲಿ 15 ಇದ್ದವು. ನೂರು ರೂಪಾಯಿಗೆ ಹೆದರಿ ಏಳು ತಿಂಗಳು ಕೂತಿದ್ದೆ.

ಕರೆಂಟಿನ 7 ರೂಪಾಯಿ ಬಗ್ಗೆ ಒಂದು ಮಾತು. ಗೃಹಜ್ಯೋತಿ ಇರುವುದರಿಂದ ಓವನ್ ಬಿಟ್ಟಿ ಉರಿಯುತ್ತದೆ ಅಂತ ತುಂಬ ಜನ ಲೆಕ್ಕಕ್ಕೆ ಹಿಡಿಯುವುದಿಲ್ಲ, ನಾನೂ ಹಿಡಿದಿರಲಿಲ್ಲ. ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತವಲ್ಲ. ನಮ್ಮಂಥ ಮನೆಗೆ 2022-23ರ ಸರಾಸರಿ ಬಳಕೆಗೆ ನೂರಕ್ಕೆ ಹತ್ತು ಸೇರಿಸಿದಷ್ಟೇ ಪಾಲು. ಅದನ್ನು ದಾಟಿದ ಯೂನಿಟ್ಟಿಗೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. ನಮ್ಮ ಮನೆಯ ಪಾಲು 97. ಕಾಯಿಸುವುದೂ ಸೇರಿ ಒಂದು ಸಲ ಓವನ್ ಉರಿಸಿದರೆ ಹೆಚ್ಚುಕಡಿಮೆ ಒಂದು ಯೂನಿಟ್. ಡಿಸೆಂಬರ್‌ನಲ್ಲಿ ಮೀಟರು 140 ತೋರಿಸಿತು, ಹೆಚ್ಚಿನ 43ಕ್ಕೆ ಬಿಲ್ಲು ಬಂತು. ಬೇಕಿಂಗಿನ ಖರ್ಚು ಅದು, ಮನೆಯದಲ್ಲ.

ಡಿಸೆಂಬರ್‌ನಲ್ಲಿ 42 ಆರ್ಡರ್ ಮಾಡಿ, ಒಂಬತ್ತು ವಾಪಸ್ ಕಳಿಸಿದೆ. ದೊಡ್ಡ ಓವನ್ ಇಲ್ಲದ್ದಕ್ಕೆ ಅಂತ ಎಲ್ಲರೂ ಅಂದುಕೊಂಡರು. ಓವನ್ ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಉರಿಯಲೇ ಇಲ್ಲ. ಸಿಕ್ಕಿಕೊಂಡದ್ದು ಫ್ರಿಜ್ಜು. ಹತ್ತಿಂಚಿನ ಡಬ್ಬ ನನ್ನ ಫ್ರಿಜ್ಜಿನಲ್ಲಿ ಎರಡೇ ಹಿಡಿಯುತ್ತವೆ, ಒಂದೊಂದೂ ನಾಲ್ಕು ಗಂಟೆ ಕೂರಬೇಕು, ಅದರ ಮೇಲೆ ಮನೆಯ ಹಾಲು ಮೊಸರು ಸೊಪ್ಪು. ಹೀಗಾಗಿ 2025ರಲ್ಲಿ ಕೊಳ್ಳುವ ಮೊದಲ ಸಾಮಾನು ದೊಡ್ಡ ಓವನ್ ಅಲ್ಲ, ಸೆಕೆಂಡ್ ಹ್ಯಾಂಡ್ ಫ್ರಿಜ್ಜು. ತರುವ ಮುಂಚೆ ಅರೆಗಳ ನಡುವಿನ ಎತ್ತರವನ್ನು ಟೇಪಿನಲ್ಲಿ ಅಳೆಯಬೇಕು. ಒಂದು ಕೆಜಿ ಡಬ್ಬ ಎಂಟಿಂಚು ಎತ್ತರ, ಅರೆ ತೆಗೆದರೂ ಹೊಂದದಿದ್ದರೆ ಲೀಟರ್ ಎಷ್ಟಿದ್ದು ಏನು ಬಂತು.

ಎರಡನೆಯದು ಸ್ಪಾಂಜನ್ನು ಮುಂಚಿತವಾಗಿ ಬೇಯಿಸುವುದು. ಪೂರ್ತಿ ಆರಿದ ಮೇಲೆ ಕ್ಲಿಂಗ್ ಫಿಲ್ಮಿನಲ್ಲಿ ಎರಡು ಸುತ್ತು ಬಿಗಿಯಾಗಿ ಕಟ್ಟಿದ ಸ್ಪಾಂಜು ಫ್ರೀಜರ್‌ನಲ್ಲಿ ಎರಡು ವಾರ ಚೆನ್ನಾಗಿರುತ್ತದೆ, ಅರ್ಧ ಕರಗಿದಾಗ ಪದರ ಕತ್ತರಿಸಿದರೆ ಪುಡಿಯೂ ಉದುರುವುದಿಲ್ಲ. ಒಂದೇ ದಿನ ಎರಡು ಕೇಕು ಮಾಡಿದಾಗ ಕಲಸುವುದು, ತೊಳೆಯುವುದು ಒಂದೇ ಸಲ ಆಗಿ 3 ಗಂಟೆ 50 ನಿಮಿಷದಲ್ಲಿ ಮುಗಿದಿದೆ. ಗಂಟೆಗೆ 138 ಬಿದ್ದ ಹಾಗಾಯಿತು. ಹುಟ್ಟುಹಬ್ಬಗಳು ನನ್ನ ಅನುಕೂಲಕ್ಕೆ ಜೋಡಿಯಾಗಿ ಬರುವುದಿಲ್ಲ, ಸ್ಪಾಂಜನ್ನಾದರೂ ಜೋಡಿ ಮಾಡಬಹುದು.

ಮೂರನೆಯದು ರೀಲ್. ವಾರಕ್ಕೆ ಮೂರಿದ್ದದ್ದು ತಿಂಗಳಿಗೆ ಎರಡು. ಉಳಿದ ಹೊತ್ತು ನೋಟ್‌ಬುಕ್ಕಿನ ತಾರೀಖುಗಳಿಗೆ. 2024ರಲ್ಲಿ ಯಾರ ಮನೆಯಲ್ಲಿ ಯಾವ ದಿನ ಕೇಕು ಕತ್ತರಿಸಿದರು ಎಂಬುದು ಅದರಲ್ಲಿದೆ, ಡೆಲಿವರಿ ಕೊಡುವಾಗ "ಮುಂದಿನ ವರ್ಷ ನೆನಪಿಸಲಾ?" ಅಂತ ಕೇಳಿ ಹೂಂ ಅಂದವರ ಸಾಲಿಗೆ ಟಿಕ್ ಹಾಕಿದ್ದೇನೆ. ಅಂಥವು 131. ಹತ್ತು ದಿನ ಮೊದಲು ಒಂದು ಮೆಸೇಜು, ಹೋದ ವರ್ಷದ ಕೇಕಿನ ಫೋಟೋ ಜೊತೆ. ಜನವರಿಯ ಸಾಲುಗಳಲ್ಲಿ ಮೊದಲನೆಯದು 4ನೇ ತಾರೀಖಿನದು, ಎಂಸಿಸಿ ಬಿ ಬ್ಲಾಕಿನ ಮನೆ, ಬಟರ್‌ಸ್ಕಾಚ್, ಒಂದು ಕೆಜಿ. ಅದರ ಮೆಸೇಜನ್ನು ಡಿಸೆಂಬರ್ 25ಕ್ಕೇ ಕಳಿಸಿಯಾಯಿತು, ಆರ್ಡರ್ ಬಂದಿದೆ.